ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡಾಗ ಯಾವ ಕಾಯಿ ಕೊಡಬೇಕು, ಯಾವಾಗ ಕೊಡಬೇಕು

ಚೆಸ್ ಆಡುವವರಿಗೆಲ್ಲ ಈ ಅನುಭವ ಆಗಿಯೇ ಇರುತ್ತದೆ. ಒಂದು ಕಾಯಿಯೂ ಕಳೆದುಕೊಂಡಿಲ್ಲ, ಎದುರಾಳಿ ಏನೂ ಹೊಡೆದಿಲ್ಲ, ಆದರೂ ನಿಮ್ಮ ಸರದಿ ಬಂದಾಗ ಏನು ಆಡಬೇಕೋ ಗೊತ್ತಾಗುವುದಿಲ್ಲ. ಕುದುರೆ ಒಂಟೆಯ ದಾರಿಗೆ ಅಡ್ಡ, ಒಂಟೆ ಆನೆಯ ದಾರಿಗೆ ಅಡ್ಡ, ರಾಣಿಗೆ ಹೋಗಲು ಒಂದೇ ಒಂದು ಮನೆ. ಆಗ ಹೆಚ್ಚಿನವರು ಮಾಡುವುದು ಎರಡರಲ್ಲಿ ಒಂದು. ಆನೆಯನ್ನು ಆ ಕಡೆ ಈ ಕಡೆ ಆಡಿಸಿಕೊಂಡು ಕೂರುತ್ತಾರೆ, ಇಲ್ಲವೇ ತಾಳ್ಮೆ ಕೆಟ್ಟು ಯಾವುದೋ ಪಾನ್ ಮುಂದೆ ತಳ್ಳಿ ಅದನ್ನೇ ಕಳೆದುಕೊಳ್ಳುತ್ತಾರೆ.

"ಜಾಗ ಕಡಿಮೆ ಇದ್ದರೆ ಕಾಯಿ ಬದಲಾಯಿಸಿ" ಎಂಬ ಮಾತನ್ನು ನೀವು ಕೇಳಿರುತ್ತೀರಿ. ಮಾತು ಸರಿಯೇ. ಆದರೆ ಯಾವ ಕಾಯಿ, ಯಾವ ಕ್ರಮದಲ್ಲಿ, ಎಲ್ಲಿ ನಿಲ್ಲಿಸಬೇಕು ಎಂದು ಯಾರೂ ಹೇಳುವುದಿಲ್ಲ. ಅದಕ್ಕೆ ಇಲ್ಲಿ ಒಂದೇ ಒಂದು ಸ್ಥಿತಿ ತೆಗೆದುಕೊಂಡು ನಡೆ ನಡೆಯಾಗಿ ನೋಡೋಣ. ಬೋರ್ಡ್ ಪಕ್ಕದಲ್ಲಿ ಇಟ್ಟುಕೊಂಡು ಓದಿದರೆ ಒಳ್ಳೆಯದು. ಒಂಟೆ ಎಂದರೆ ಬಿಷಪ್, ಆನೆ ಎಂದರೆ ರೂಕ್, ಕುದುರೆ ಎಂದರೆ ನೈಟ್. ಮನೆಗಳ ಹೆಸರು ಮತ್ತು ನಡೆಗಳನ್ನು ಬೋರ್ಡಿನಲ್ಲಿ ಇರುವ ಹಾಗೆಯೇ ಬರೆದಿದ್ದೇನೆ.

ಮೊದಲು, ಇಕ್ಕಟ್ಟು ನಿಜವಾಗಿಯೂ ಇದೆಯಾ ನೋಡಿ

ಈ ನಡೆಗಳನ್ನು ಬೋರ್ಡಿನ ಮೇಲೆ ಇಡಿ. ಇದು ಕ್ವೀನ್ಸ್ ಗ್ಯಾಂಬಿಟ್ ಡಿಕ್ಲೈನ್ಡ್‌ನ ಹಳೆಯ, ತುಂಬಾ ಆಡಲ್ಪಟ್ಟ ದಾರಿ.

```
1.d4 d5 2.c4 e6 3.Nc3 Nf6 4.Bg5 Be7
5.e3 O-O 6.Nf3 Nbd7 7.Rc1 c6 8.Bd3
```

ಈಗ ಕಪ್ಪಿನ ಕಡೆಯಿಂದ ನೋಡಿ. c8ನಲ್ಲಿರುವ ಒಂಟೆಗೆ ಹೋಗಲು ಒಂದು ಮನೆಯೂ ಇಲ್ಲ. ಒಂದು ಕಡೆ b7ನಲ್ಲಿ ತನ್ನದೇ ಪಾನ್, ಇನ್ನೊಂದು ಕಡೆ d7ನಲ್ಲಿ ತನ್ನದೇ ಕುದುರೆ. ಕುದುರೆ ಎದ್ದು ಹೋದರೂ e6 ಪಾನ್ ಅದರ ದಾರಿ ಮುಚ್ಚಿದೆ. d7ನ ಕುದುರೆಗೆ f6 ಬೇಕು, ಆದರೆ ಅಲ್ಲಿ ಇನ್ನೊಂದು ಕುದುರೆ ಕೂತಿದೆ. ಬಿಳಿಯ ಕಾಯಿಗಳೋ ಒಂದೊಂದೂ ಒಂದೊಂದು ಒಳ್ಳೆಯ ಮನೆಯಲ್ಲಿ ಆರಾಮಾಗಿ ನಿಂತಿವೆ.

ನನ್ನ ಪ್ರಕಾರ ಇಕ್ಕಟ್ಟನ್ನು ಗುರುತಿಸಲು ಇದೇ ಸುಲಭದ ದಾರಿ. ಬೋರ್ಡಿನಲ್ಲಿ ಎಷ್ಟು ಜಾಗ ಇದೆ ಎಂದು ಎಣಿಸಬೇಡಿ. ನಿಮ್ಮ ಎರಡು ಕಾಯಿಗಳು ಒಂದೇ ಮನೆಗಾಗಿ ಕಾಯುತ್ತಿವೆಯಾ ಎಂದು ನೋಡಿ. ಹಾಗಿದ್ದರೆ ಅವುಗಳಲ್ಲಿ ಒಂದು ಜಾಸ್ತಿಯಾಗಿದೆ ಎಂದರ್ಥ, ಎಂಟು ಜನರ ಕೋಣೆಯಲ್ಲಿ ಹತ್ತು ಜನ ಮಲಗಿದ ಹಾಗೆ. ಎದುರಾಳಿಯ ಒಂದು ಕಾಯಿಗೆ ನಿಮ್ಮ ಆ ಜಾಸ್ತಿಯಾದ ಕಾಯಿ ಬದಲಾದರೆ ನಿಮಗೆ ಎರಡು ಲಾಭ, ಅವನಿಗೆ ಒಂದು ನಷ್ಟ. ಯಾಕೆಂದರೆ ಅವನ ಕಾಯಿಗೆ ಮೊದಲೇ ಕೆಲಸವಿತ್ತು, ನಿಮ್ಮದಕ್ಕೆ ಇರಲಿಲ್ಲ.

ಎರಡು ಕಾಯಿಗಳು ಹಾಗೆ ಒಂದರ ಕಾಲು ಒಂದು ತುಳಿಯುತ್ತಿಲ್ಲ ಎಂದಾದರೆ, ಪಾನ್‌ಗಳು ಹಿಂದೆ ಇದ್ದರೂ ಗಾಬರಿ ಬೇಡ. ಅಲ್ಲಿ ಬದಲಾವಣೆಯಿಂದ ಹೆಚ್ಚೇನೂ ಸಿಗುವುದಿಲ್ಲ.

ಬಿಡುಗಡೆಯ ನಡೆ ಯಾವುದು ಎಂದು ಮೊದಲೇ ತೀರ್ಮಾನಿಸಿ

ಕಾಯಿ ಬದಲಾಯಿಸುವುದು ಗುರಿ ಅಲ್ಲ. ಗುರಿ ಒಂದು ಪಾನ್ ನಡೆ. ಮೇಲಿನ ಸ್ಥಿತಿಯಲ್ಲಿ ಕಪ್ಪಿಗೆ ಬಿಡುಗಡೆ ಕೊಡುವ ನಡೆ e6-e5. ಅದಾದ ಮೇಲೆ e6 ಖಾಲಿ, c8 ಒಂಟೆಯ ದಾರಿ ತೆರೆದುಕೊಳ್ಳುತ್ತದೆ. c6-c5 ಎಂಬ ಇನ್ನೊಂದು ದಾರಿಯೂ ಇದೆ, ಇವತ್ತು ನಾವು e5 ಹಿಡಿಯೋಣ.

ಈಗಲೇ e5 ಯಾಕೆ ಆಗಲ್ಲ ಎಂದು ಕೇಳಿ. d5ನಲ್ಲಿ ಜಗಳ ಇನ್ನೂ ಮುಗಿದಿಲ್ಲ, ಅಲ್ಲಿ ಬಿಳಿಯ c4 ಪಾನ್ ಮತ್ತು c3 ಕುದುರೆ ಎರಡೂ ಹೊಂಚು ಹಾಕಿ ಕೂತಿವೆ. ಜೊತೆಗೆ g5 ಒಂಟೆ f6 ಕುದುರೆಯನ್ನು ಕಾಡುತ್ತಿದೆ. ಅಂದರೆ e5ಕ್ಕೆ ಅಡ್ಡ ನಿಂತಿರುವ ಬಿಳಿಯ ಕಾಯಿಗಳು ಯಾವುವು ಎಂದು ಪಟ್ಟಿ ಸಿಕ್ಕಿತು. g5 ಒಂಟೆ, c3 ಕುದುರೆ. ಬದಲಾಯಿಸಬೇಕಾದದ್ದು ಇವೆರಡನ್ನೇ. ಸುಮ್ನೆ ಎದುರಿಗೆ ಸಿಕ್ಕಿದ ಕಾಯಿಯನ್ನಲ್ಲ. ಈ ಪಟ್ಟಿ ಮಾಡದೆ ಬದಲಾಯಿಸಲು ಹೊರಟವರು ಅರ್ಧ ದಾರಿಯಲ್ಲಿ ಸಿಕ್ಕಿಕೊಳ್ಳುತ್ತಾರೆ.

ಈಗ ನಡೆಗಳು

```
8...dxc4 9.Bxc4 Nd5 10.Bxe7 Qxe7
11.O-O Nxc3 12.Rxc3 e5
```

ಇದಕ್ಕೆ ಕಾಪಾಬ್ಲಾಂಕಾ ಬಿಡುಗಡೆ ತಂತ್ರ ಎಂದೇ ಹೆಸರು. ಹೋಸೆ ರೌಲ್ ಕಾಪಾಬ್ಲಾಂಕಾ ಕಪ್ಪು ಕಾಯಿಗಳಲ್ಲಿ ಇದನ್ನು ಆಡಿ ಆಡಿ ಪ್ರಸಿದ್ಧಿಗೆ ತಂದವರು. 1927ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ನಡೆದ ಅವರ ಮತ್ತು ಅಲೆಖಿನ್ ನಡುವಿನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 34 ಆಟಗಳಾದವು, ಅದರಲ್ಲಿ 32 ಇದೇ ಕ್ವೀನ್ಸ್ ಗ್ಯಾಂಬಿಟ್ ಡಿಕ್ಲೈನ್ಡ್. 25 ಆಟ ಡ್ರಾ. ಕಪ್ಪು ಉಸಿರಾಡಲು ಕಲಿತಿತ್ತು ಎನ್ನಲು ಇದಕ್ಕಿಂತ ಸಾಕ್ಷಿ ಬೇಕಾ? (ಕೊನೆಗೆ ಪಟ್ಟ ಹೋದದ್ದು ಅಲೆಖಿನ್‌ಗೆ, 6 ಗೆಲುವು 3 ಸೋಲು. ಅದು ಬೇರೆ ಕಥೆ.)

ಒಂದೊಂದೇ ನಡೆ ಬಿಚ್ಚಿ ನೋಡೋಣ.

8ನೇ ನಡೆಯಲ್ಲಿ c4 ಪಾನ್ ಹೊಡೆಯುವುದು. ಇದನ್ನು ಒಂದು ನಡೆ ಮೊದಲೇ ಮಾಡಬಹುದಿತ್ತಲ್ಲ ಅಂತ ಅನ್ನಿಸುತ್ತದೆ. ಆದರೆ ಬಿಳಿಯ ಒಂಟೆ f1ನಿಂದ d3ಗೆ ಬರುವವರೆಗೆ ಕಾದಿದ್ದಕ್ಕೆ ಕಾರಣ ಇದೆ. ಈಗ ಅದು c4ಗೆ ಹೋಗಲು ಎರಡನೇ ಸಲ ನಡೆಯಬೇಕು. ಅಂದರೆ ಬಿಳಿಯ ಒಂದು ನಡೆ ವ್ಯರ್ಥ. ಮೊದಲೇ ಹೊಡೆದಿದ್ದರೆ ಅದು f1ನಿಂದ ನೇರವಾಗಿ c4ಗೆ ಬರುತ್ತಿತ್ತು. ಇಕ್ಕಟ್ಟಿನಲ್ಲಿರುವವನಿಗೆ ಒಂದು ನಡೆಯೂ ದೊಡ್ಡದು.

ಇನ್ನೊಂದು ವಿಷಯ. ಈ ಹೊಡೆತದಿಂದ ನೀವು ಮಧ್ಯದ ಪಾನ್ ಬಿಟ್ಟುಕೊಡುತ್ತಿದ್ದೀರಿ, ಅದು ನೋಡಲು ನೋವಿನ ವಿಷಯವೇ. ಅದರ ಬದಲಿಗೆ ಸಿಗುವುದು d5 ಮನೆ. ಅದು ಈಗ ನಿಮ್ಮ ಕುದುರೆಗೆ.

9ನೇ ನಡೆ, ಕುದುರೆ f6ನಿಂದ d5ಗೆ. ಇಡೀ ತಂತ್ರದ ಹೃದಯ ಇದು. ಕುದುರೆ ಎದ್ದ ಕೂಡಲೇ e7 ಒಂಟೆ ಮತ್ತು g5 ಒಂಟೆ ಎದುರು ಬದುರು. ಕುದುರೆ c3 ಕುದುರೆಯನ್ನೂ ನೋಡುತ್ತಿದೆ. ಒಂದೇ ನಡೆಯಲ್ಲಿ ಎರಡು ಬದಲಾವಣೆಯ ಪ್ರಸ್ತಾಪ. ಕುದುರೆ d5ನಲ್ಲಿ ಗಟ್ಟಿಯಾಗಿ ನಿಂತಿದೆ, ಎರಡು ಪಾನ್‌ಗಳ ಬೆಂಬಲ ಇದೆ. ಬಿಳಿ ತನ್ನ ಒಂಟೆಯನ್ನು ಉಳಿಸಿಕೊಳ್ಳಲು f4ಗೆ ಓಡಿದರೆ ಅಲ್ಲಿಯೂ ಈ ಕುದುರೆ ಅದನ್ನು ಹೊಡೆಯುತ್ತದೆ, ತಪ್ಪಿಸಿಕೊಳ್ಳುವುದು ಅಷ್ಟು ಸುಲಭ ಅಲ್ಲ.

10ನೇ ನಡೆಯಲ್ಲಿ ಒಂಟೆಗಳು ಹೋಗುತ್ತವೆ. ಇಲ್ಲಿ ಕಪ್ಪು e7ನಲ್ಲಿ ಹೊಡೆಯುವುದು ರಾಣಿಯಿಂದ. ಕುದುರೆಯಿಂದ ಹೊಡೆಯಲೂಬಹುದು, ಆದರೆ ಅದು ನಿಮ್ಮ ಕೆಲಸವನ್ನೇ ಕೆಡಿಸುತ್ತದೆ. e5ಗೆ ಹೋಗುವ ಪಾನ್‌ನ ಹಿಂದೆ ರಾಣಿ ನಿಲ್ಲಬೇಕು, ಅವಳ ಜಾಗದಲ್ಲಿ ಕುದುರೆ ಕೂತರೆ ಅವಳು ಎಲ್ಲಿ ನಿಲ್ಲಬೇಕು? ಕಾಯಿ ಬದಲಾದ ಮೇಲೆ ಯಾರಿಂದ ಹೊಡೆಯಬೇಕು ಎಂದು ನಿರ್ಧರಿಸುವಾಗ ಈ ಪ್ರಶ್ನೆ ಕೇಳಿಕೊಳ್ಳಿ. ಹೊಡೆದ ಕಾಯಿ ನನ್ನ ಬಿಡುಗಡೆಯ ನಡೆಗೆ ಬೆಂಬಲ ಕೊಡುವ ಮನೆಗೆ ಬಂತಾ?

11ನೇ ನಡೆಯಲ್ಲಿ c3ನಲ್ಲಿ ಕುದುರೆಗಳು ಬದಲಾಗುತ್ತವೆ. ನಾನು ಮೊದಮೊದಲು ಈ ನಡೆಯನ್ನು ಬಿಟ್ಟು ನೇರವಾಗಿ e5 ತಳ್ಳುತ್ತಿದ್ದೆ. ಕಾಯಿ ಬದಲಾಯಿಸಲು ಒಂದು ನಡೆ ಯಾಕೆ ಖರ್ಚು ಮಾಡಬೇಕು ಅಂತ. ಒಂದು ಆಟದಲ್ಲಿ ಎದುರಾಳಿ ಒಂದು ಕ್ಷಣ ಬೋರ್ಡ್ ನೋಡಿ ಸುಮ್ಮನೆ ಕುದುರೆಯಿಂದ d5 ಹೊಡೆದ, ನಾನು c ಪಾನ್‌ನಿಂದ ಹೊಡೆದೆ, ಅವನು ಒಂಟೆಯಿಂದ ಆ ಪಾನ್ ತೆಗೆದುಕೊಂಡ. ಒಂದು ಪಾನ್ ಹೋಯಿತು. ಆಮೇಲೆ d4ನಲ್ಲಿ ನಾನು ಹೊಡೆದರೆ ಅವನು ವಾಪಸ್ ಹೊಡೆದ, ಲೆಕ್ಕ ಮತ್ತೆ ಒಂದು ಪಾನ್ ಕಡಿಮೆ.

```
11...e5? 12.Nxd5 cxd5 13.Bxd5
```

ಅಂದರೆ ಕುದುರೆ d5ನಲ್ಲಿ ನಿಂತಿರುವಾಗ c6 ಪಾನ್‌ಗೆ ಮತ್ತು e6 ಪಾನ್‌ಗೆ ಅದನ್ನು ಕಾಯುವ ಕೆಲಸವಿತ್ತು. e6 ಪಾನ್ ಮುಂದೆ ಹೋದರೆ ಒಬ್ಬ ಕಾವಲುಗಾರ ಕಡಿಮೆಯಾದ. ಮೊದಲು c3ನಲ್ಲಿ ಹೊಡೆದು ಕುದುರೆಯನ್ನು ತೆಗೆದರೆ ಆ ಸಮಸ್ಯೆಯೇ ಇರುವುದಿಲ್ಲ. ಕ್ರಮ ತಪ್ಪಿದರೆ ಒಳ್ಳೆಯ ಯೋಜನೆಯೂ ಪಾನ್ ನುಂಗುತ್ತದೆ.

12ನೇ ನಡೆ e5. ಈಗ ಎಣಿಸಿ. ಆ ಪಾನ್ ಮೇಲೆ ಬಿಳಿಯ ಕಣ್ಣು ಎಷ್ಟು? d4 ಪಾನ್, f3 ಕುದುರೆ, ಎರಡು. ಕಪ್ಪಿನ ಕಾವಲು? d7 ಕುದುರೆ, e7 ರಾಣಿ, ಎರಡು. ಸಾಕು. ಈ ಎಣಿಕೆಯನ್ನು ಪ್ರತಿ ಸಲವೂ ಮಾಡಿ, ಒಂದು ಕಡಿಮೆ ಇದ್ದರೂ e5 ಆಡಬೇಡಿ. ಎಣಿಕೆ ಸರಿ ಇದೆ ಎಂದಾದರೆ ತಡ ಮಾಡಬೇಡಿ. ಇಲ್ಲಿ ಸುಮ್ನೆ ಒಂದು ನಡೆ ಕಳೆದರೆ ಬಿಳಿ ರಾಣಿಯನ್ನು c2ಗೆ ತಂದು e4 ತಳ್ಳುವ ತಯಾರಿ ಮಾಡುತ್ತದೆ, ಆಗ ಮತ್ತೆ ಹಳೆಯ ಇಕ್ಕಟ್ಟು.

ಆಮೇಲೆ ಏನಾಗುತ್ತದೆ

ಬಿಳಿ ಸುಮ್ಮನೆ ಹೊಡೆದುಕೊಂಡು ಹೋದರೆ:

```
13.dxe5 Nxe5 14.Nxe5 Qxe5
```

ಬಿಳಿ ಮೊದಲು ಕುದುರೆಯಿಂದ ಹೊಡೆದರೂ ಕೊನೆಗೆ ಇಲ್ಲಿಗೇ ಬರುತ್ತದೆ. ಈಗ ಉಳಿದದ್ದು ನೋಡಿ. ಇಬ್ಬರಿಗೂ ರಾಣಿ, ಎರಡೆರಡು ಆನೆ, ಒಂದೊಂದು ಒಂಟೆ, ಆರಾರು ಪಾನ್. ಬಿಳಿಯ ಎರಡು ಕುದುರೆ, ಒಂದು ಒಂಟೆ ಹೋದವು. ನಿಮ್ಮವೂ ಅಷ್ಟೇ. ಆದರೆ 8ನೇ ನಡೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದ c8 ಒಂಟೆಯ ಮುಂದೆ ಈಗ f5, e6, g4 ಎಲ್ಲ ಖಾಲಿ. ಮೂರು ಕಾಯಿಗಳ ಬದಲಾವಣೆಯಿಂದ ಸಿಕ್ಕಿದ್ದು ಇದೇ.

ಇಲ್ಲಿ ಒಂದು ಎಚ್ಚರಿಕೆ, ಇದರಲ್ಲಿ ಸಾಕಷ್ಟು ಜನ ಮುಗ್ಗರಿಸುತ್ತಾರೆ. "ಆಯ್ತು, ಸಮ ಆಯ್ತು" ಎಂದು ಆರಾಮಾಗಿ ಕೂರುವ ಹೊತ್ತಿಗೆ ಬಿಳಿ 15.f4 ಆಡುತ್ತದೆ. ಇದು ರುಬಿನ್‌ಸ್ಟೀನ್ ದಾಳಿ. ರಾಣಿಗೆ ಪೆಟ್ಟು, ಜೊತೆಗೆ ಮುಂದೆ f5 ತಳ್ಳಿ ನಿಮ್ಮ ಒಂಟೆಯ ದಾರಿಯನ್ನು ಮತ್ತೆ ಮುಚ್ಚುವ ಆಸೆ. ಅಂದರೆ ನೀವು ಇಷ್ಟೊತ್ತು ದುಡಿದು ತೆರೆದ ಬಾಗಿಲಿಗೆ ಅವನು ಮತ್ತೆ ಬೀಗ ಹಾಕಲು ಬರುತ್ತಿದ್ದಾನೆ. ಇಲ್ಲಿ ಒಂದು ಒಳ್ಳೆಯ ಉತ್ತರ ರಾಣಿಯನ್ನು ಹಿಂದಕ್ಕೆ ಎಳೆಯದೆ e4ಗೆ ಹಾಕುವುದು. ರಾಣಿ ಅಲ್ಲಿರುವವರೆಗೆ ಬಿಳಿಗೆ e4 ಪಾನ್ ನಡೆಯೂ ಇಲ್ಲ.

```
15.f4 Qe4 16.Qe2 Bf5
```

ಒಂಟೆ f5ಗೆ ಬಂತು, ಬಿಳಿಯ ಪಾನ್ f5ಗೆ ಹೋಗುವ ಮಾತೇ ಇಲ್ಲ. 17.Bd3 ಎಂದು ರಾಣಿಗೆ ಪೆಟ್ಟು ಕೊಟ್ಟರೆ ರಾಣಿ d5ಗೆ ಹೋಗುತ್ತಾಳೆ. ಆಗ ಬಿಳಿ e4 ತಳ್ಳಿದರೆ ನೋಡಲು ರಾಣಿ ಮತ್ತು ಒಂಟೆ ಎರಡೂ ಒಂದೇ ಪಾನ್‌ಗೆ ಸಿಕ್ಕಿದಂತೆ ಕಾಣುತ್ತದೆ, ಹೆದರಬೇಡಿ, ರಾಣಿ d4ನಿಂದ ಚೆಕ್ ಕೊಡುತ್ತಾಳೆ. f4 ಆಡಿದ್ದರಿಂದ f2 ಖಾಲಿ, e4 ಆಡಿದ್ದರಿಂದ e3 ಖಾಲಿ. ಎರಡೂ ಬಿಳಿಯೇ ತೆರೆದ ಕಿಂಡಿಗಳು. ಬಿಳಿ ರಾಣಿಯನ್ನು f2ಗೆ ಅಡ್ಡ ಹಾಕಿದರೆ ರಾಣಿಗಳನ್ನೂ ಬದಲಾಯಿಸಿಬಿಡಿ, ಆಮೇಲೆ ಒಂಟೆಯನ್ನು d7ಗೆ ಎಳೆದುಕೊಳ್ಳಿ.

ಬಿಳಿ ಹೊಡೆಯದೆ 13.Qc2 ಆಡಿ ಒತ್ತಡ ಹಿಡಿದುಕೊಂಡರೆ? ನೀವೇ d4ನಲ್ಲಿ ಹೊಡೆಯಿರಿ. ಬಿಳಿ e ಪಾನ್‌ನಿಂದ ಹೊಡೆದರೆ ಅದರ d4 ಪಾನ್ ಒಂಟಿಯಾಗುತ್ತದೆ, ನಿಮ್ಮ ಕುದುರೆ b6ಗೆ ಹೋಗಿ c4 ಒಂಟೆಯನ್ನು ಕೆಣಕುತ್ತದೆ, d7 ಖಾಲಿಯಾಗಿ c8 ಒಂಟೆಗೆ ದಾರಿ ಸಿಗುತ್ತದೆ. ಬಿಳಿ ಆನೆಯನ್ನು e1ಗೆ ತಂದಾಗ ನಿಮ್ಮ ರಾಣಿ ಪೆಟ್ಟಿಗೆ ಸಿಗುತ್ತಾಳೆ, d8ಗೆ ಹೋಗಿಬಿಡಿ. ಇಲ್ಲಿ ಬಿಳಿಯ ಕಾಯಿಗಳು ಚುರುಕಾಗಿ ಓಡಾಡುತ್ತವೆ, ನಿಜ. ಆದರೆ ಕಾಯಿಗಳು ಕಡಿಮೆಯಾಗಿರುವುದರಿಂದ ಒಂಟಿ ಪಾನ್ ನಿಧಾನಕ್ಕೆ ಬಿಳಿಗೇ ಹೊರೆಯಾಗುತ್ತದೆ.

ಎದುರಾಳಿ ಬದಲಾವಣೆಗೆ ಒಪ್ಪದಿದ್ದರೆ

ಜಾಗ ಜಾಸ್ತಿ ಇರುವವನು ಬುದ್ಧಿವಂತನಾಗಿದ್ದರೆ ಬದಲಾವಣೆ ತಪ್ಪಿಸುತ್ತಾನೆ. ಅಲೆಖಿನ್ ಮಾಡಿದ್ದು ಅದನ್ನೇ. 11ನೇ ನಡೆಯಲ್ಲಿ ಕ್ಯಾಸ್ಲಿಂಗ್ ಮಾಡದೆ ಕುದುರೆಯನ್ನು c3ನಿಂದ e4ಗೆ ಎತ್ತಿಕೊಂಡು ಹೋದರು. ಈಗ d5 ಕುದುರೆಗೆ ಹೊಡೆಯಲು ಏನೂ ಇಲ್ಲ. ನೀವು ಏನು ಮಾಡಬೇಕು? ಮತ್ತೆ ಕೇಳುವುದು.

```
11.Ne4 N5f6 12.Ng3 Qb4+ 13.Qd2 Qxd2+ 14.Kxd2
```

d5 ಕುದುರೆ f6ಗೆ ವಾಪಸ್ ಬಂದು e4 ಕುದುರೆಗೆ "ಬಾ, ಹೊಡೆದುಕೊಳ್ಳೋಣ" ಎನ್ನುತ್ತದೆ. ಅದು f6ನಲ್ಲಿ ಹೊಡೆದರೆ ಇನ್ನೊಂದು ಕುದುರೆಯಿಂದ ಹೊಡೆಯಿರಿ, ಒಂದು ಕುದುರೆ ಕಡಿಮೆಯಾಯಿತು, d7 ಖಾಲಿಯಾಯಿತು. ಅದು g3ಗೆ ಓಡಿದರೆ ರಾಣಿ b4ನಿಂದ ಚೆಕ್ ಕೊಟ್ಟು ರಾಣಿಗಳನ್ನೇ ಬದಲಾಯಿಸಬಹುದು. ಕುದುರೆ c3ನಲ್ಲಿ ಇಲ್ಲದ್ದರಿಂದಲೇ ಈ ಚೆಕ್ ಸಾಧ್ಯ. ಬದಲಾವಣೆ ತಪ್ಪಿಸಿದ ಕಾಯಿ ಒಂದು ಮನೆಯನ್ನು ಬಿಟ್ಟು ಹೋಗಿರುತ್ತದೆ, ಅದು ಯಾವ ಮನೆ ಎಂದು ಹುಡುಕಿ. ರಾಣಿಗಳು ಹೋದ ಮೇಲೆ ಜಾಗ ಕಡಿಮೆ ಇದ್ದರೂ ರಾಜನ ಮೇಲೆ ದಾಳಿಯ ಭಯ ಅರ್ಧಕ್ಕರ್ಧ ಕಡಿಮೆ. ಆಟ ಇನ್ನೂ ಸಮ ಎನ್ನುವಂತಿಲ್ಲ, ಬಿಳಿಗೆ ಸ್ವಲ್ಪ ಹಿತ, ಆದರೆ ನಿಮಗೆ ಉಸಿರು ಸಿಕ್ಕಿತು.

ಬದಲಾವಣೆಯೇ ಮುಳುವಾಗುವ ಕಡೆ

ಎರಡು ಕಡೆ ಈ ಉಪಾಯ ಕೈ ಕೊಡುತ್ತದೆ.

ಮೊದಲನೆಯದು, ಕಾಯಿಗಳು ಹೋದ ಮೇಲೂ ಪಾನ್ ನಡೆ ಆಗದೇ ಇರುವುದು. ಮೇಲಿನ ಆಟದಲ್ಲೇ ಒಂಟೆ, ಕುದುರೆ ಎಲ್ಲ ಬದಲಾಯಿಸಿ e5 ಆಡದೆ, c5 ಕೂಡ ಆಡದೆ ಕೂತರೆ c8 ಒಂಟೆ ಅಲ್ಲೇ ಇರುತ್ತದೆ. ರಾಜನನ್ನು ಬಿಟ್ಟು ಮೊದಲು ಏಳು ಕಾಯಿಗಳಲ್ಲಿ ಒಂದು ಸತ್ತಿತ್ತು, ಈಗ ನಾಲ್ಕರಲ್ಲಿ ಒಂದು ಸತ್ತಿದೆ. ಇಕ್ಕಟ್ಟು ಹೋಯಿತು ಅನ್ನಿಸುತ್ತದೆ, ಸೋಲು ಇನ್ನೂ ಹತ್ತಿರ ಬಂದಿರುತ್ತದೆ. ಅದಕ್ಕೇ ಮೊದಲು ಪಾನ್ ನಡೆ ಹುಡುಕಿ ಎಂದದ್ದು. ನಿಮ್ಮ ಸ್ಥಿತಿಯಲ್ಲಿ ಅಂಥ ನಡೆ ಇಲ್ಲವೇ ಇಲ್ಲ ಎಂದಾದರೆ ಸಿಕ್ಕಿಕೊಂಡ ಕಾಯಿಯನ್ನೇ ಬದಲಾಯಿಸುವ ದಾರಿ ಹುಡುಕಿ. ಫ್ರೆಂಚ್ ಡಿಫೆನ್ಸ್‌ನ ಅಡ್ವಾನ್ಸ್ ದಾರಿಯಲ್ಲಿ ಬಿಳಿಯ e5 ಪಾನ್‌ನಿಂದ ಉಸಿರು ಕಟ್ಟಿದ ಕಪ್ಪಿನ c8 ಒಂಟೆಯನ್ನು d7ಗೆ ತಂದು, ಅಲ್ಲಿಂದ b5ಗೆ ಇಟ್ಟು, ಬಿಳಿಯ ಒಳ್ಳೆಯ ಒಂಟೆಗೆ ಬದಲಾಯಿಸುತ್ತಾರೆ. ತನ್ನ ಅತಿ ಕೆಟ್ಟ ಕಾಯಿ ಕೊಟ್ಟು ಎದುರಾಳಿಯ ಅತಿ ಒಳ್ಳೆಯದನ್ನು ತೆಗೆದುಕೊಂಡ ಹಾಗೆ, ಇದಕ್ಕಿಂತ ಲಾಭದ ವ್ಯಾಪಾರ ಇಲ್ಲ.

ಎರಡನೆಯದು, ನಿಮ್ಮ ರಾಜನ ಸುತ್ತ ಎದುರಾಳಿ ಕಾಯಿಗಳನ್ನು ಸೇರಿಸುತ್ತಿರುವಾಗ ರಾಜನನ್ನು ಕಾಯುತ್ತಿರುವ ಕುದುರೆಯನ್ನೇ ಬದಲಾಯಿಸುವುದು. ಕ್ಯಾಸ್ಲಿಂಗ್ ಆದ ಮೇಲೆ f6 ಕುದುರೆ h7 ಪಾನ್ ಕಾಯುತ್ತದೆ. ಬಿಳಿಯ ಒಂಟೆ d3ನಲ್ಲಿ, ರಾಣಿ c2ನಲ್ಲಿ ಸಾಲಾಗಿ ನಿಂತಿರುವಾಗ f6 ಕುದುರೆಯನ್ನು ಬೇರೆ ಕಡೆ ಕಳಿಸಿದಿರೋ h7 ಹೋಯಿತು. 9ನೇ ನಡೆಯಲ್ಲಿ ನಾವು ಆ ಕುದುರೆಯನ್ನು ಎತ್ತಿದೆವಲ್ಲ? ಎತ್ತಿದೆವು, ಯಾಕೆಂದರೆ ಬಿಳಿಯ ಒಂಟೆ ಆಗ d3 ಬಿಟ್ಟು c4ಗೆ ಹೋಗಿತ್ತು. ಇದನ್ನು ನೋಡದೆ ಇದೇ ನಡೆಯನ್ನು ಬೇರೆ ಸ್ಥಿತಿಯಲ್ಲಿ ಗಿಣಿಪಾಠದಂತೆ ಆಡಿದರೆ ಪಾನ್ ಹೋಗುತ್ತದೆ, ಕೆಲವೊಮ್ಮೆ ರಾಜನೂ.

ಪ್ರತಿ ಹೊಡೆತಕ್ಕೆ ಮೊದಲು ನಾನು ಒಂದು ಸಣ್ಣ ಪರೀಕ್ಷೆ ಮಾಡುತ್ತೇನೆ. ಕಣ್ಣು ಮುಚ್ಚಿ ಎರಡೂ ಕಾಯಿಗಳನ್ನು ಬೋರ್ಡಿನಿಂದ ತೆಗೆದಂತೆ ಯೋಚಿಸಿ. ನಿಮ್ಮ ಉಳಿದ ಕಾಯಿಗಳಲ್ಲಿ ಒಂದಕ್ಕಾದರೂ ಮೊದಲು ಇಲ್ಲದ ಹೊಸ ಮನೆ ಸಿಕ್ಕಿತಾ? ಸಿಕ್ಕಿದರೆ ಹೊಡೆಯಿರಿ. ಸಿಗದಿದ್ದರೆ ಮತ್ತು ವಾಪಸ್ ಹೊಡೆಯುವಾಗ ಎದುರಾಳಿಯ ಒಂದು ಕಾಯಿ ಇನ್ನೂ ಒಳ್ಳೆಯ ಮನೆಗೆ ಬರುತ್ತದೆ ಎಂದಾದರೆ ಕೈ ಹಿಂದಕ್ಕೆ ತೆಗೆದುಕೊಳ್ಳಿ. ಮೇಲಿನ 11ನೇ ನಡೆಯನ್ನೇ ಈ ಪರೀಕ್ಷೆಗೆ ಹಾಕಿ ನೋಡಿ. ಬಿಳಿಯ ಆನೆ c3ಗೆ ಬರುತ್ತದೆ, ಅಲ್ಲಿ ಅದಕ್ಕೆ ದೊಡ್ಡ ಕೆಲಸವಿಲ್ಲ. ನಿಮಗೆ e5 ಸಿಗುತ್ತದೆ.